ಕ್ರಿಯೇಟಿನ್ ತೆಗೆದುಕೊಂಡರೆ ಟೆಂಡನ್ ಹರಿಯುತ್ತದೆಯೇ?

ಜಿಮ್‌ಗಳಲ್ಲಿ ಒಂದು ಮಾತು ಓಡಾಡುತ್ತಿರುತ್ತದೆ. ಕ್ರಿಯೇಟಿನ್ ತಗೊಂಡರೆ ಅದು ನೀರನ್ನೆಲ್ಲ ಸ್ನಾಯುವಿಗೆ ಎಳೆದುಕೊಳ್ಳುತ್ತೆ, ಕೀಲು ಒಣಗುತ್ತೆ, ಭಾರ ಎತ್ತುವಾಗ ಟೆಂಡನ್ ಪಟ್ಟನೆ ಹರಿಯುತ್ತೆ ಅಂತ. ಡಬ್ಬಿ ತಂದು ಎರಡು ತಿಂಗಳಾಗುವಷ್ಟರಲ್ಲಿ ಮೊಣಕಾಲೋ ಮೊಣಕೈಯೋ ನೋಯತೊಡಗಿದವರಿಗೆ ಈ ಮಾತು ನಿಜವೆಂದೇ ತೋರುತ್ತದೆ. ನೋವು ನಿಜ. ಕಾರಣ ಮಾತ್ರ ಬೇರೆ ಕಡೆ ಇದೆ.

ಮೊದಲು ಕ್ರಿಯೇಟಿನ್ ಏನು ಮಾಡುತ್ತದೆ ನೋಡೋಣ. ಇದು ನಮ್ಮ ಮೈಯಲ್ಲೇ ತಯಾರಾಗುವ ವಸ್ತು. ಮಾಂಸ, ಮೀನು ತಿನ್ನುವವರಿಗೆ ಊಟದಿಂದಲೂ ಸ್ವಲ್ಪ ಸಿಗುತ್ತದೆ. ಮೈಯಲ್ಲಿರುವ ಕ್ರಿಯೇಟಿನ್‌ನಲ್ಲಿ ನೂರಕ್ಕೆ ಸುಮಾರು 95 ಭಾಗ ಸ್ನಾಯುಗಳಲ್ಲೇ ಇರುತ್ತದೆ. ಸ್ನಾಯು ಕೆಲಸಕ್ಕೆ ಬಳಸುವ ತಕ್ಷಣದ ಇಂಧನದ ಹೆಸರು ಎಟಿಪಿ. ಭಾರ ಎತ್ತುವಾಗ ಅದು ಕೆಲವೇ ಸೆಕೆಂಡುಗಳಲ್ಲಿ ಖರ್ಚಾಗುತ್ತದೆ. ಖರ್ಚಾದದ್ದನ್ನು ಬೇಗ ಮತ್ತೆ ತುಂಬಿಸಿಕೊಡುವುದು ಕ್ರಿಯೇಟಿನ್. ಹಾಗಾಗಿ ಐದನೇ ಸಲಕ್ಕೆ ಕೈಚೆಲ್ಲುತ್ತಿದ್ದವರು ಆರನೆಯದನ್ನೋ ಏಳನೆಯದನ್ನೋ ಎತ್ತುತ್ತಾರೆ. ಒಂದು ಸೆಟ್ ಮುಗಿಸಿ ಮುಂದಿನದಕ್ಕೆ ಬೇಗ ಸಿದ್ಧರಾಗುತ್ತಾರೆ. ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಕ್ರಿಯೇಟಿನ್ ಮೊದಲೇ ಕಡಿಮೆ ಇರುವುದರಿಂದ ಅವರಿಗೆ ಈ ವ್ಯತ್ಯಾಸ ಹೆಚ್ಚು ಎದ್ದು ಕಾಣಬಹುದು.

ನೀರಿನ ಮಾತಿನಲ್ಲಿ ಅರ್ಧ ಸತ್ಯವಿದೆ. ಶುರುವಿನ ವಾರಗಳಲ್ಲಿ ಸ್ನಾಯುವಿನೊಳಗೆ ನೀರು ಸೇರಿ ಮೈತೂಕ ಒಂದೆರಡು ಕಿಲೋ ಏರುವುದುಂಟು. ಆದರೆ ಆ ನೀರು ಟೆಂಡನ್‌ನಿಂದ ಕದ್ದದ್ದಲ್ಲ, ಮೈಯ ಒಟ್ಟು ನೀರೇ ಹೆಚ್ಚಾಗುತ್ತದೆ. ಅಮೆರಿಕದ ಕಾಲೇಜುಗಳ ಅಮೆರಿಕನ್ ಫುಟ್‌ಬಾಲ್ ಆಟಗಾರರನ್ನು ಗಮನಿಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಕ್ರಿಯೇಟಿನ್ ತೆಗೆದುಕೊಂಡವರಲ್ಲಿ ಸ್ನಾಯು ಸೆಳೆತವಾಗಲಿ ಗಾಯವಾಗಲಿ ಹೆಚ್ಚಿರಲಿಲ್ಲ.

ಹಾಗಾದರೆ ನೋವು ಬಂದದ್ದು ಎಲ್ಲಿಂದ?

ಟೆಂಡನ್ ಎಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಹುರಿ. ಲಿಗಮೆಂಟ್ ಎಂದರೆ ಮೂಳೆಯನ್ನು ಮೂಳೆಗೆ ಕಟ್ಟುವ ಹುರಿ. ಎರಡರಲ್ಲೂ ಮುಖ್ಯವಾಗಿ ಇರುವುದು ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್. ಸ್ನಾಯುವಿಗೆ ಹೋಲಿಸಿದರೆ ಇವುಗಳಿಗೆ ರಕ್ತ ಸಂಚಾರ ಕಡಿಮೆ, ಬದಲಾವಣೆಯೂ ನಿಧಾನ. ಎಷ್ಟು ನಿಧಾನ ಎಂಬುದಕ್ಕೆ ಸ್ವಾರಸ್ಯದ ಪುರಾವೆಯೊಂದಿದೆ. 1950 ಮತ್ತು 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಹೆಚ್ಚಿತ್ತು. ಅದರ ಗುರುತು ಹಿಡಿದು ಡೆನ್ಮಾರ್ಕ್‌ನ ಸಂಶೋಧಕರು ಹಿಮ್ಮಡಿಯ ಮೇಲಿನ ಅಕಿಲಿಸ್ ಟೆಂಡನ್‌ನ ವಯಸ್ಸು ಅಳೆದರು. 2013ರಲ್ಲಿ ಅವರು ಹೇಳಿದ್ದು ಇಷ್ಟು: ಸುಮಾರು 17ನೇ ವಯಸ್ಸಿನ ಹೊತ್ತಿಗೆ ಕಟ್ಟಿದ ಒಳತಿರುಳೇ ಮುಂದೆಯೂ ಉಳಿಯುತ್ತದೆ, ಹೊಸದಾಗುವುದು ತೀರಾ ಕಡಿಮೆ.

ವ್ಯಾಯಾಮಕ್ಕೆ ಟೆಂಡನ್ ಸ್ಪಂದಿಸುವುದೇ ಇಲ್ಲ ಎಂದಲ್ಲ. ನಿಯಮಿತವಾಗಿ ಭಾರ ಹೊತ್ತರೆ ಎರಡು ಮೂರು ತಿಂಗಳಲ್ಲಿ ಅದೂ ಬಿಗಿಯಾಗುತ್ತದೆ. ಆದರೆ ಸ್ನಾಯುವಿನ ಬಲ ಮೊದಲ ಮೂರು ನಾಲ್ಕು ವಾರದಲ್ಲೇ ಏರತೊಡಗುತ್ತದೆ, ಕ್ರಿಯೇಟಿನ್ ಆ ಏರಿಕೆಗೆ ಇನ್ನಷ್ಟು ವೇಗ ಕೊಡುತ್ತದೆ. ಎತ್ತು ಹೊಸದು, ಹಗ್ಗ ಹಳೆಯದು ಎನ್ನುವ ಸ್ಥಿತಿ. ಪುಡಿ ಹಗ್ಗವನ್ನು ಕೊರೆಯುವುದಿಲ್ಲ, ಎಳೆಯುವ ಬಲವನ್ನು ಹೆಚ್ಚಿಸುತ್ತದೆ.

ಒಂದು ಲೆಕ್ಕ ಹಾಕೋಣ. ಮಂಜು ಎಂಬ 27ರ ಹುಡುಗನಿದ್ದಾನೆ ಎಂದಿಟ್ಟುಕೊಳ್ಳಿ. ವಾರಕ್ಕೆ ಎರಡು ದಿನ ಸ್ಕ್ವಾಟ್ ಮಾಡುತ್ತಾನೆ, ಅಂದರೆ ರಾಡ್ ಹೆಗಲ ಮೇಲಿಟ್ಟು ಕೂತು ಏಳುತ್ತಾನೆ. ಭಾರ 60 ಕಿಲೋ, ಸೆಟ್‌ಗೆ ಐದು ಸಲ, ಮೂರು ಸೆಟ್. ವಾರಕ್ಕೆ 30 ಸಲ, ಒಟ್ಟು ಎತ್ತಿದ್ದು 1,800 ಕಿಲೋ. ಕ್ರಿಯೇಟಿನ್ ಶುರು ಮಾಡಿದ. ಸುಸ್ತು ಕಡಿಮೆಯಾಯಿತು, ಐದು ಸೆಟ್ ಮಾಡಿದ. ಮೈಕೈ ನೋವು ಬೇಗ ಹೋಗುತ್ತಿದೆಯಲ್ಲ ಎಂದು ಮೂರನೇ ದಿನವನ್ನೂ ಸೇರಿಸಿದ. ಆರನೇ ವಾರಕ್ಕೆ ಭಾರ 85 ಕಿಲೋ. ಈಗ ವಾರಕ್ಕೆ 75 ಸಲ, ಒಟ್ಟು 6,375 ಕಿಲೋ.

ಕೇಳಿದರೆ ಮಂಜು 25 ಕಿಲೋ ಅಷ್ಟೇ ಏರಿಸಿದ್ದು ಎನ್ನುತ್ತಾನೆ. ಸುಳ್ಳಲ್ಲ. ಆದರೆ ಮಂಡಿಚಿಪ್ಪಿನ ಕೆಳಗಿನ ಟೆಂಡನ್ ಹೊತ್ತದ್ದು ಮೂರೂವರೆ ಪಟ್ಟು. ಹೆಚ್ಚಿನವರು ಎಡವುವುದು ಇಲ್ಲೇ. ಪ್ಲೇಟ್ ಎಣಿಸುತ್ತಾರೆ, ಸೆಟ್ ಮತ್ತು ದಿನ ಎಣಿಸುವುದಿಲ್ಲ.

ದಿನಗಳ ನಡುವಿನ ಅಂತರವೂ ಮುಖ್ಯ. ಭಾರೀ ವ್ಯಾಯಾಮದ ನಂತರ ಸುಮಾರು ಒಂದೂವರೆ ದಿನ ಟೆಂಡನ್‌ನಲ್ಲಿ ಕೊಲಾಜೆನ್ ಕಟ್ಟುವುದಕ್ಕಿಂತ ಕಳಚುವುದೇ ಹೆಚ್ಚು. ಆಮೇಲೆ ಕಟ್ಟುವುದು ಮೇಲುಗೈ ಪಡೆಯುತ್ತದೆ. ಸ್ನಾಯು ಮರುದಿನವೇ ಹುಷಾರಾಗಿದೆ ಎಂದು ನೀವು ಮತ್ತೆ ರಾಡ್ ಹಿಡಿದರೆ ಕಟ್ಟುವ ಸಮಯವನ್ನೇ ಕಿತ್ತುಕೊಂಡಂತೆ. ಒಂದೇ ಕೀಲಿಗೆ ಭಾರ ಬೀಳುವ ಎರಡು ಕಠಿಣ ದಿನಗಳ ನಡುವೆ 48ರಿಂದ 72 ಗಂಟೆ ಬಿಡಿ.

ಮಂಜು ಏನು ಮಾಡಬಹುದಿತ್ತು? ದಿನ ಎರಡೇ, ಸೆಟ್ ಮೂರೇ ಇಟ್ಟುಕೊಂಡು ವಾರಕ್ಕೆ ಎರಡೂವರೆ ಕಿಲೋ ಏರಿಸುವುದು. ಅಂದರೆ ರಾಡಿನ ಎರಡೂ ಕಡೆ ಒಂದೊಂದು ಸಣ್ಣ 1.25 ಕಿಲೋ ಪ್ಲೇಟ್. ಪ್ರತಿ ನಾಲ್ಕನೇ ವಾರ ಏರಿಸದೆ ಭಾರ ಇಳಿಸಿ ಹಗುರವಾಗಿ ಮಾಡುವುದು. ಹೀಗೆ ಹೋದರೂ ಹದಿನಾಲ್ಕನೇ ವಾರಕ್ಕೆ 85 ಕಿಲೋ ಮುಟ್ಟುತ್ತಾನೆ, ಆಗ ವಾರದ ಒಟ್ಟು 2,550 ಕಿಲೋ ಮಾತ್ರ. ಸೆಟ್ ಹೆಚ್ಚಿಸಬೇಕೆಂದರೆ ಆಮೇಲೆ ಹೆಚ್ಚಿಸಲಿ. ಭಾರ, ಸೆಟ್, ದಿನ ಈ ಮೂರರಲ್ಲಿ ಒಂದು ಸಲಕ್ಕೆ ಒಂದನ್ನೇ ಮುಟ್ಟಬೇಕು. ಎರಡೂವರೆ ಕಿಲೋ ಎಂಬುದು ಶಾಸ್ತ್ರವಾಕ್ಯವೇನಲ್ಲ. ತೋಳು, ಭುಜದ ವ್ಯಾಯಾಮಗಳಿಗೆ ಅದೂ ಹೆಚ್ಚೇ.

ಮೈಕೈ ನೋವು ಯಾವುದು, ಟೆಂಡನ್ ನೋವು ಯಾವುದು ಎಂದು ಗೊತ್ತಾಗುವುದು ಹೇಗೆ ಎಂದು ನೀವು ಕೇಳಬಹುದು. ಸ್ನಾಯುವಿನ ನೋವು ತೊಡೆಯ ತುಂಬ ಹರಡಿರುತ್ತದೆ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಟೆಂಡನ್ ನೋವನ್ನು ಒಂದೇ ಬೆರಳಿಟ್ಟು ತೋರಿಸಬಹುದು. ಇದರ ನಡವಳಿಕೆ ಸ್ವಲ್ಪ ಮೋಸದ್ದು. ಮೊದಲ ಸೆಟ್‌ನಲ್ಲಿ ನೋಯುತ್ತದೆ, ಮೈ ಬಿಸಿಯಾದ ಮೇಲೆ ಮಾಯವಾಗುತ್ತದೆ, ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಮತ್ತೆ ಬರುತ್ತದೆ. ಆದ್ದರಿಂದ ಜಿಮ್‌ನಲ್ಲಿ ಹೇಗಿತ್ತು ಎಂಬುದಕ್ಕಿಂತ ಮರುಬೆಳಿಗ್ಗೆ ಹೇಗಿದೆ ಎಂಬುದನ್ನು ನಂಬಿ. ದಿನಾ ಅದೇ ಮೆಟ್ಟಿಲು ಇಳಿದು ನೋವಿಗೆ ಹತ್ತರಲ್ಲಿ ಎಷ್ಟು ಎಂದು ಅಂಕ ಕೊಡಿ. ಮೂರರೊಳಗಿದ್ದು, ದಿನದಿಂದ ದಿನಕ್ಕೆ ಏರದಿದ್ದರೆ ಅದೇ ಭಾರದಲ್ಲಿ ಮುಂದುವರಿಯಬಹುದು. ಏರುತ್ತಿದ್ದರೆ ಇಳಿಸಬೇಕು.

ಇಳಿಸಬೇಕು ಎಂದೆ, ನಿಲ್ಲಿಸಬೇಕು ಎನ್ನಲಿಲ್ಲ. ಪೂರ್ತಿ ವಿಶ್ರಾಂತಿ ಕೊಟ್ಟರೆ ನೋವು ತಗ್ಗುತ್ತದೆ, ಜೊತೆಗೆ ಟೆಂಡನ್‌ನ ತಾಳಿಕೆಯೂ ತಗ್ಗುತ್ತದೆ. ತಿಂಗಳು ಬಿಟ್ಟು ಹಿಂದಿನ ಭಾರಕ್ಕೇ ಮರಳಿದವರಿಗೆ ನೋವೂ ಮರಳುವುದು ಅದಕ್ಕೇ. ಮೊಣಕಾಲಿನ ಟೆಂಡನ್‌ಗೆ ಫಿಸಿಯೋಥೆರಪಿಸ್ಟ್‌ಗಳು ಸಾಮಾನ್ಯವಾಗಿ ಮೊದಲು ಹೇಳಿಕೊಡುವುದು ಐಸೊಮೆಟ್ರಿಕ್, ಅಂದರೆ ಅಲುಗಾಡದೆ ಬಿಗಿ ಹಿಡಿಯುವ ವ್ಯಾಯಾಮ. 45 ಸೆಕೆಂಡ್ ಹಿಡಿದು ಎರಡು ನಿಮಿಷ ಬಿಡುವುದು, ಹೀಗೆ ಐದು ಸಲ. ಆಮೇಲೆ ನಿಧಾನದ ಭಾರ: ಮೂರು ಸೆಕೆಂಡ್‌ನಲ್ಲಿ ಇಳಿದು ಮೂರು ಸೆಕೆಂಡ್‌ನಲ್ಲಿ ಏಳುವುದು, ವಾರಕ್ಕೆ ಮೂರು ದಿನ, ಸುಮಾರು ಹನ್ನೆರಡು ವಾರ. ಜಿಗಿತಗಳು ಕಡೆಗೆ. ಈ ಅವಧಿಯಲ್ಲಿ ಕ್ರಿಯೇಟಿನ್ ಬಿಡಬೇಕೇ? ಬೇಕಿಲ್ಲ. ಬಿಟ್ಟರೆ ಟೆಂಡನ್ ಬೇಗ ವಾಸಿಯಾಗುವುದಿಲ್ಲ.

ಟೆಂಡನ್‌ಗೆ ನಿಜವಾಗಿ ಅಪಾಯ ತರುವ ಔಷಧಿಗಳು ಬೇರೆ ಇವೆ. ಒಂದು, ಮೈ ಕಟ್ಟಲು ಕದ್ದುಮುಚ್ಚಿ ಚುಚ್ಚಿಕೊಳ್ಳುವ ಅನಬಾಲಿಕ್ ಸ್ಟೆರಾಯ್ಡ್. ಅನುಭವಿ ದೇಹದಾರ್ಢ್ಯ ಪಟುಗಳನ್ನು ಹೋಲಿಸಿದ 2015ರ ಅಮೆರಿಕದ ಅಧ್ಯಯನವೊಂದರಲ್ಲಿ ಸ್ಟೆರಾಯ್ಡ್ ಬಳಸಿದವರ ಪೈಕಿ ಶೇಕಡಾ 22 ಜನರಿಗೆ ಎಂದಾದರೊಮ್ಮೆ ಟೆಂಡನ್ ಹರಿದಿತ್ತು, ಬಳಸದವರಲ್ಲಿ ಶೇಕಡಾ 6. ಇನ್ನೊಂದು ನಮ್ಮ ಮನೆಯ ಔಷಧಿ ಡಬ್ಬದಲ್ಲೇ ಇರಬಹುದು. ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್, ಆಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್‌ಗಳು. ಭೇದಿಗೆ, ಮೂತ್ರದ ಸೋಂಕಿಗೆ ಕೊಡುತ್ತಾರೆ. ಇವು ಟೆಂಡನ್ ಹರಿಯುವ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಕರು 2008ರಲ್ಲೇ ಔಷಧಿಯ ಮಾಹಿತಿ ಪತ್ರದಲ್ಲಿ ಅತಿ ಗಂಭೀರ ಎಚ್ಚರಿಕೆ ಹಾಕಿಸಿದರು. ಅಪಾಯ ಅಪರೂಪದ್ದು, ಆದರೆ ಮಾತ್ರೆ ಮುಗಿದು ತಿಂಗಳುಗಳ ನಂತರವೂ ಆದದ್ದಿದೆ. ಇಂಥ ಮಾತ್ರೆ ಬರೆದರೆ ನೀವು ಭಾರ ಎತ್ತುವವರೆಂದು ವೈದ್ಯರಿಗೆ ತಿಳಿಸಿ, ಆ ದಿನಗಳಲ್ಲಿ ಭಾರ ಎತ್ತುವ ಪಂದ್ಯ ಬೇಡ.

ಖರ್ಚಿನ ವಿಷಯ. ಕ್ರಿಯೇಟಿನ್ ಮೊನೊಹೈಡ್ರೇಟ್ ಎಂಬ ಸಾದಾ ಪುಡಿಯೇ ಸಾಕು. ದಿನಕ್ಕೆ 3ರಿಂದ 5 ಗ್ರಾಂ, ಯಾವ ಹೊತ್ತಿಗಾದರೂ ಸರಿ. ಮೊದಲ ವಾರ ದಿನಕ್ಕೆ 20 ಗ್ರಾಂ ತಿನ್ನುವ ಲೋಡಿಂಗ್ ಪದ್ಧತಿ ಬೇಕಾಗಿಲ್ಲ. ಸಣ್ಣ ಪ್ರಮಾಣದಲ್ಲೇ ಮೂರು ನಾಲ್ಕು ವಾರಕ್ಕೆ ಸ್ನಾಯು ತುಂಬುತ್ತದೆ, ಟೆಂಡನ್ ದೃಷ್ಟಿಯಿಂದ ಈ ನಿಧಾನವೇ ವಾಸಿ. ದಿನಕ್ಕೆ 5 ಗ್ರಾಂ ಎಂದರೆ 250 ಗ್ರಾಂ ಡಬ್ಬಿ ಐವತ್ತು ದಿನ ಬರುತ್ತದೆ. ಡಬ್ಬಿಗೆ 500ರಿಂದ 1,000 ರೂಪಾಯಿ ಎಂದು ಹಿಡಿದರೂ ದಿನಕ್ಕೆ ಹತ್ತಿಪ್ಪತ್ತು ರೂಪಾಯಿ. ಔಷಧಿ ಅಂಗಡಿ, ಸಪ್ಲಿಮೆಂಟ್ ಅಂಗಡಿ, ಆನ್‌ಲೈನ್ ಎಲ್ಲ ಕಡೆ ಸಿಗುತ್ತದೆ. ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಇದೆಯೇ, ಪದಾರ್ಥಗಳ ಪಟ್ಟಿಯಲ್ಲಿ ಒಂದೇ ಹೆಸರು ಇದೆಯೇ ನೋಡಿ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಉಳಿದವರೂ ರಕ್ತಪರೀಕ್ಷೆಗೆ ಹೋದಾಗ ಹೇಳಿ, ಏಕೆಂದರೆ ಕ್ರಿಯೇಟಿನಿನ್ ಎಂಬ ಅಂಶ ಸ್ವಲ್ಪ ಹೆಚ್ಚು ತೋರಬಹುದು.

ನೋವು ಎರಡು ಮೂರು ವಾರಕ್ಕೂ ಬಗ್ಗದಿದ್ದರೆ ಫಿಸಿಯೋಥೆರಪಿಸ್ಟ್ ಅಥವಾ ಮೂಳೆ ವೈದ್ಯರ ಬಳಿ ಹೋಗಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಮೂಳೆ ವಿಭಾಗವಿದೆ, ಬೆಂಗಳೂರಿನವರಿಗೆ ಸರ್ಕಾರದ್ದೇ ಆದ ಸಂಜಯ್ ಗಾಂಧಿ ಸಂಸ್ಥೆ ಇದೆ. ಮೊದಲೇ ಎಂಆರ್‌ಐ ಮಾಡಿಸಲು ಓಡಬೇಡಿ. ಕೈಯಿಂದ ಮುಟ್ಟಿ ನೋಡಿದರೇ ಬಹುಪಾಲು ತಿಳಿಯುತ್ತದೆ, ಬೇಕಾದರೆ ಅಲ್ಟ್ರಾಸೌಂಡ್ ಅಗ್ಗ.

ಕಾಯಬಾರದ ಸಂದರ್ಭವೂ ಇದೆ. ಎತ್ತುವಾಗ ಟಪ್ ಎಂದು ಸದ್ದಾಗಿ ಬಲ ಒಮ್ಮೆಲೇ ಹೋದರೆ, ತೋಳಿನ ಸ್ನಾಯು ಮೇಲಕ್ಕೆ ಸುತ್ತಿಕೊಂಡಂತೆ ಕಂಡರೆ, ಎದೆ ಅಥವಾ ತೋಳು ನೀಲಿಗಟ್ಟಿದರೆ ಟೆಂಡನ್ ಹರಿದಿರಬಹುದು. ಮೊಣಕಾಲು ತಿರುಚಿ ಕೆಲವೇ ಗಂಟೆಗಳಲ್ಲಿ ಊದಿಕೊಂಡು, ಹೆಜ್ಜೆ ಇಟ್ಟರೆ ಕುಸಿಯುವಂತಾದರೆ ಲಿಗಮೆಂಟ್ ಇರಬಹುದು. ಆ ದಿನವೇ ಆಸ್ಪತ್ರೆಗೆ ಹೋಗಿ. ತೋಳಿನ ಅಥವಾ ಎದೆಯ ಟೆಂಡನ್ ಪೂರ್ತಿ ಹರಿದಿದ್ದರೆ ಮೊದಲ ಎರಡು ಮೂರು ವಾರದೊಳಗೆ ಹೊಲಿಯುವುದು ಸುಲಭ. ತಡವಾದಷ್ಟೂ ಹರಿದ ತುದಿ ಒಳಕ್ಕೆ ಸರಿದು ಶಸ್ತ್ರಚಿಕಿತ್ಸೆ ಕಷ್ಟವಾಗುತ್ತದೆ.