ಗುಂಡಿಗೆ ಬಿದ್ದ ಚಕ್ರ: ಸ್ಟೀಲೋ, ಅಲಾಯೋ?

ಮಳೆಗಾಲದಲ್ಲಿ ಶಿರಾಡಿ ಘಾಟಿಯಂಥ ರಸ್ತೆಯಲ್ಲಿ ಓಡಾಡಿದ ಕಾರುಗಳಿಗೆ ಅಂಟಿಕೊಳ್ಳುವ ಒಂದು ಕಾಯಿಲೆ ಇದೆ. ಟೈರಿಗೆ ಮೊಳೆ ಚುಚ್ಚಿರುವುದಿಲ್ಲ, ಆದರೂ ಒಂದು ಚಕ್ರದ ಗಾಳಿ ಮಾತ್ರ ಇಳಿಯುತ್ತಾ ಹೋಗುತ್ತದೆ. ಇವತ್ತು 33 ಪಿಎಸ್‌ಐ ಇದ್ದದ್ದು ವಾರ ಕಳೆಯುವಷ್ಟರಲ್ಲಿ 25ಕ್ಕೆ ಬಂದಿರುತ್ತದೆ. ಪಂಕ್ಚರ್ ಅಂಗಡಿಯವರು ಚಕ್ರ ಬಿಚ್ಚಿ, ಸೋಪಿನ ನೀರು ಹಚ್ಚಿ ನೋಡಿ ಹೇಳುತ್ತಾರೆ: “ಸಾರ್, ಟೈರಲ್ಲಿ ಏನೂ ಇಲ್ಲ. ಡಿಸ್ಕ್ ಕಡೆಯಿಂದ ಲೀಕು.”

ಇಲ್ಲಿಂದ ಮುಂದೆ ಏನಾಗಬೇಕು, ಎಷ್ಟು ಖರ್ಚಾಗುತ್ತದೆ ಎಂಬುದು ಆ ಡಿಸ್ಕ್ ಉಕ್ಕಿನದೋ ಅಲಾಯ್‌ದೋ ಎಂಬುದರ ಮೇಲೆ ನಿಂತಿದೆ. ಕಾರು ಕೊಳ್ಳುವಾಗ ಹೊಳೆಯುವ ಅಲಾಯ್ ಕಡೆಗೇ ಕಣ್ಣು ಹೋಗುವುದು ಸಹಜ. ಆದರೆ ಎರಡರ ನಿಜವಾದ ವ್ಯತ್ಯಾಸ ಗೊತ್ತಾಗುವುದು ಶೋರೂಮಿನಲ್ಲಲ್ಲ, ಗುಂಡಿಗೆ ಬಿದ್ದ ದಿನ.

ಸ್ಟೀಲ್ ಚಕ್ರವೆಂದರೆ ಉಕ್ಕಿನ ತಗಡನ್ನು ಒತ್ತಿ ಮಾಡಿದ ಎರಡು ಭಾಗಗಳನ್ನು ವೆಲ್ಡ್ ಮಾಡಿ ಕೂಡಿಸಿದ್ದು. ಈ ಉಕ್ಕು ಮುರಿಯುವ ಮೊದಲು ಸಾಕಷ್ಟು ಹಿಗ್ಗುತ್ತದೆ, ಬಾಗುತ್ತದೆ. ನಮ್ಮ ಕಾರುಗಳಿಗೆ ಬರುವ ಅಲಾಯ್ ಚಕ್ರಗಳು ಬಹುಪಾಲು ಅಲ್ಯೂಮಿನಿಯಂಗೆ ಸಿಲಿಕಾನ್, ಸ್ವಲ್ಪ ಮೆಗ್ನೀಷಿಯಂ ಬೆರೆಸಿ ಅಚ್ಚಿಗೆ ಎರಕ ಹೊಯ್ದವು. ಎರಕದ ಲೋಹ ಗಟ್ಟಿಯಾಗಿರುತ್ತದೆ, ಆದರೆ ಹೆಚ್ಚು ಹಿಗ್ಗುವುದಿಲ್ಲ. ಜೋರಾದ ಪೆಟ್ಟು ಬಿದ್ದಾಗ ಸ್ಟೀಲ್ ಸೊಟ್ಟಗಾಗುತ್ತದೆ. ಅಲಾಯ್ ಒಂದು ಹಂತದವರೆಗೆ ಜಗ್ಗದೆ ತಡೆದುಕೊಂಡು, ಅದನ್ನು ಮೀರಿದರೆ ಬಿರುಕು ಬಿಡುತ್ತದೆ.

ಅಲಾಯ್ ಬಿರುಕಿಗೆ ಲೋಹ ಒಂದೇ ಕಾರಣವಲ್ಲ, ಸೈಜಿನ ಪಾಲೂ ದೊಡ್ಡದು. ಒಂದೇ ಮಾಡೆಲಿನ ಹ್ಯಾಚ್‌ಬ್ಯಾಕ್ ಕಾರಿನ ಕೆಳ ದರ್ಜೆಯಲ್ಲಿ 14 ಇಂಚಿನ ಸ್ಟೀಲ್ ಚಕ್ರಕ್ಕೆ 165/80 ಟೈರು, ಮೇಲಿನ ದರ್ಜೆಯಲ್ಲಿ 15 ಇಂಚಿನ ಅಲಾಯ್‌ಗೆ 185/65 ಟೈರು ಇರುವುದುಂಟು. ಟೈರಿನ ಹೊರ ಅಳತೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ರಸ್ತೆಗೂ ಡಿಸ್ಕಿನ ಅಂಚಿಗೂ ನಡುವೆ ಇರುವ ಟೈರಿನ ಗೋಡೆ ಮೊದಲನೆಯದರಲ್ಲಿ 132 ಮಿಲಿಮೀಟರ್, ಎರಡನೆಯದರಲ್ಲಿ 120. ಇದೇ ಕಾರಿಗೆ ಹೊರಗಡೆ 16 ಇಂಚಿನ ಅಲಾಯ್ ಹಾಕಿಸಿ 195/55 ಟೈರು ತೊಡಿಸಿದರೆ ಗೋಡೆ 107ಕ್ಕೆ ಇಳಿಯುತ್ತದೆ. ಗುಂಡಿಯ ಅಂಚು ಬಡಿದಾಗ ಪೆಟ್ಟನ್ನು ನುಂಗಬೇಕಾದದ್ದು ಈ ಗೋಡೆ. ಅದು ಕುಗ್ಗಿದಷ್ಟೂ ಏಟು ನೇರವಾಗಿ ಲೋಹಕ್ಕೇ ಬೀಳುತ್ತದೆ. ಅಂದಕ್ಕೆಂದು ಸೈಜು ಏರಿಸಿದವರ ಅಲಾಯ್ ಬೇಗ ಒಡೆಯುವುದು ಇದಕ್ಕೇ. ಗಾಳಿ ಕಡಿಮೆ ಇಟ್ಟು ಓಡಿಸಿದರೂ ಇದೇ ಗತಿ.

ಸ್ಟೀಲ್ ಚಕ್ರವಾಗಿದ್ದರೆ ಆ ಸೋಪಿನ ಗುಳ್ಳೆ ಸಾಮಾನ್ಯವಾಗಿ ಕಾಣುವುದು ಬಾಗಿದ ಅಂಚಿನಲ್ಲಿ, ಟೈರು ಡಿಸ್ಕಿಗೆ ಕೂತ ಜಾಗದಲ್ಲಿ. ಟೈರು ಕಳಚಿ, ಬೆಂಡ್ ತೆಗೆದು, ಬ್ಯಾಲೆನ್ಸಿಂಗ್ ಮಾಡಿಸಿದರೆ ಕೆಲಸ ಮುಗಿಯಿತು. ತಾಲ್ಲೂಕು ಕೇಂದ್ರದಲ್ಲೂ ಈ ಕೆಲಸ ಬಲ್ಲವರು ಸಿಗುತ್ತಾರೆ, ಕೆಲವು ನೂರು ರೂಪಾಯಿಯಲ್ಲಿ ಆಗುತ್ತದೆ. ಆದರೆ ಒಂದೇ ಜಾಗವನ್ನು ಮತ್ತೆ ಮತ್ತೆ ಬಡಿದರೆ ಉಕ್ಕೂ ದಣಿಯುತ್ತದೆ. ನಟ್ಟಿನ ತೂತಿನ ಸುತ್ತ ಅಥವಾ ವೆಲ್ಡ್ ಸಾಲಿನಲ್ಲಿ ತುಕ್ಕಿನ ಗೆರೆ ಇಳಿದಿದ್ದರೆ ಅಲ್ಲಿ ಬಿರುಕಿರಬಹುದು. ಅಂಥ ಡಿಸ್ಕನ್ನು ರಿಪೇರಿ ಮಾಡಿಸದೆ ಗುಜರಿಗೆ ಹಾಕಬೇಕು.

ಅಲಾಯ್ ಆಗಿದ್ದರೆ ಚಕ್ರದ ಹೊರಮೈ ನೋಡಿದರೆ ಸಾಲದು. ಬಿರುಕು ಹೆಚ್ಚಾಗಿ ಬರುವುದು ಕಾರಿನ ಒಳಬದಿಗೆ ಇರುವ ಅಂಚಿನಲ್ಲಿ, ಯಾಕೆಂದರೆ ಆ ಕಡೆ ಕಡ್ಡಿಗಳ ಆಸರೆ ಇಲ್ಲ. ಚಕ್ರ ಬಿಚ್ಚಿ, ಒಳಭಾಗದ ಕೆಸರು ತೊಳೆದು, ಬೆಳಕು ಬಿಟ್ಟು ನೋಡಿದರೆ ಅಂಚಿನಿಂದ ಒಳಕ್ಕೆ ಕೂದಲೆಳೆಯಂಥ ಗೆರೆ ಕಾಣುತ್ತದೆ. ಅನುಮಾನವಿದ್ದರೆ ಬಣ್ಣದ ದ್ರವ ಸವರಿ, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿ ನೋಡುತ್ತಾರೆ. ಬಿರುಕಿನೊಳಗೆ ಉಳಿದ ಬಣ್ಣ ಗೆರೆಯಾಗಿ ಮೂಡುತ್ತದೆ.

ಬಿರುಕಿಲ್ಲದ ಸಣ್ಣ ಬೆಂಡನ್ನು ಹೈಡ್ರಾಲಿಕ್ ಜ್ಯಾಕಿನಿಂದ ನಿಧಾನವಾಗಿ ಒತ್ತಿ ಸರಿಮಾಡಬಹುದು. ಇದಕ್ಕೆ ಸರಿಯಾದ ಯಂತ್ರ ಬೇಕು, ಸುತ್ತಿಗೆ ಏಟು ಕೂಡದು. ಬಿರುಕು ಬಿಟ್ಟದ್ದನ್ನೂ ಆರ್ಗಾನ್ ವೆಲ್ಡಿಂಗ್ ಮಾಡಿ, ಉಜ್ಜಿ, ಬಣ್ಣ ಹೊಡೆದು ಕೊಡುವವರಿದ್ದಾರೆ. ಈ ಕೆಲಸದ ಮಿತಿಯನ್ನು ಗ್ರಾಹಕರು ತಿಳಿದಿರಬೇಕು. ಎರಕ ಹೊಯ್ದ ಮೇಲೆ ಕಾರ್ಖಾನೆಯಲ್ಲಿ ಚಕ್ರವನ್ನು 540 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸಿ, ಥಟ್ಟನೆ ತಣಿಸಿ, ಮತ್ತೆ ಕಡಿಮೆ ಶಾಖದಲ್ಲಿ ಕೆಲವು ಗಂಟೆ ಇಡುತ್ತಾರೆ. ಚಕ್ರದ ಬಲದ ದೊಡ್ಡ ಪಾಲು ಬರುವುದು ಈ ಸಂಸ್ಕಾರದಿಂದ. ವೆಲ್ಡಿಂಗ್ ಶಾಖ ತಾಗಿದ ಜಾಗದಲ್ಲಿ ಆ ಬಲ ಹೋಗುತ್ತದೆ, ಬೀದಿಬದಿಯ ವರ್ಕ್‌ಶಾಪಿನಲ್ಲಿ ಅದನ್ನು ಮರಳಿ ತರಲಾಗದು. ಗಾಳಿ ಲೀಕು ನಿಂತಿತೆಂದರೆ ಚಕ್ರ ಗಟ್ಟಿಯಾಯಿತೆಂದು ಅರ್ಥವಲ್ಲ. ಕಡ್ಡಿಗೋ ನಟ್ಟಿನ ತೂತಿಗೋ ಬಿರುಕು ತಲುಪಿದ್ದರೆ ವೆಲ್ಡಿಂಗ್ ಮಾತೇ ಬೇಡ. ಒಳ ಅಂಚಿನ ಸಣ್ಣ ಬಿರುಕನ್ನು ಬೆಸೆದರೂ ಆ ಚಕ್ರವನ್ನು ಹೆದ್ದಾರಿಗೆ ಒಯ್ಯುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದೇ ಪೆಟ್ಟಿಗೆ ಟೈರಿನ ಗೋಡೆ ಉಬ್ಬಿದ್ದರೆ ಟೈರನ್ನೂ ಬದಲಿಸಬೇಕು.

ಬದಲಿಸಲು ಹೊರಟಾಗ ಬೆಲೆಯ ಅಂತರ ಕಣ್ಣಿಗೆ ರಾಚುತ್ತದೆ. ಸಣ್ಣ ಕಾರಿನ ಸ್ಟೀಲ್ ಡಿಸ್ಕ್ ಸಾಮಾನ್ಯವಾಗಿ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಕಂಪನಿಯ ಒಂದು ಅಲಾಯ್ ಚಕ್ರದ ಹಣಕ್ಕೆ ಅಂಥ ಮೂರು ನಾಲ್ಕು ಡಿಸ್ಕು ಬರುತ್ತವೆ. ಹಳೇ ಮಾಡೆಲಿನ ವಿನ್ಯಾಸದ ಅಲಾಯ್ ಸಿಗದೆ ಹೋದರೆ ಜೋಡಿಯನ್ನೋ ನಾಲ್ಕನ್ನೋ ಬದಲಿಸುವ ಪಾಡು. ಅಲಾಯ್ ಇರುವ ಎಷ್ಟೋ ಕಾರುಗಳಲ್ಲಿ ಡಿಕ್ಕಿಯಲ್ಲಿರುವ ಸ್ಟೆಪ್ನಿ ಸ್ಟೀಲ್‌ದೇ ಎಂಬುದನ್ನು ಗಮನಿಸಿ.

ಇಷ್ಟು ಹಣಕ್ಕೆ ತೂಕವಾದರೂ ತುಂಬಾ ಇಳಿಯುತ್ತದೆಯೇ? ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದು ಪಾಲು ತೂಗುತ್ತದೆ, ನಿಜ. ಆದರೆ ಬಲಕ್ಕಾಗಿ ಎರಕವನ್ನು ದಪ್ಪ ಮಾಡಬೇಕಾಗುತ್ತದೆ. ಹಾಗಾಗಿ ಒಂದೇ ಸೈಜಿನ ಎರಡು ಚಕ್ರಗಳನ್ನು ತಕ್ಕಡಿಗೆ ಹಾಕಿದರೆ ಸಣ್ಣ ಕಾರುಗಳಲ್ಲಿ ಅಂತರ ಒಂದು ಕೆಜಿ ಆಚೀಚೆ. ಸೈಜು ಏರಿಸಿದರೆ ಅಲಾಯ್ ಚಕ್ರವೇ ಹೆಚ್ಚು ತೂಗುವುದೂ ಉಂಟು. ದಿನಾ ಆಫೀಸಿಗೆ ಹೋಗಿ ಬರುವವರಿಗೆ ಮೈಲೇಜಿನಲ್ಲಿ ಇದು ಕಾಣಿಸುವಷ್ಟು ವ್ಯತ್ಯಾಸ ಮಾಡದು.

ತುಕ್ಕಿನ ವಿಷಯದಲ್ಲಿ ಅಲಾಯ್‌ಗೆ ಅಂಕ ಹೆಚ್ಚು, ಪೂರ್ಣಾಂಕವಲ್ಲ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಗೆ ಸ್ಟೀಲ್ ಡಿಸ್ಕಿನ ಬಣ್ಣ ಕಿತ್ತ ಕಡೆಯೆಲ್ಲ ತುಕ್ಕು ಏಳುತ್ತದೆ. ಪ್ಲಾಸ್ಟಿಕ್ ವೀಲ್ ಕ್ಯಾಪ್ ಅದನ್ನು ಮರೆಮಾಡುತ್ತದೆ ಅಷ್ಟೆ. ಟೈರು ಬದಲಿಸುವಾಗ ಅಂಚನ್ನು ತಂತಿ ಬ್ರಷ್‌ನಿಂದ ಉಜ್ಜಿಸಿ, ಪ್ರೈಮರ್ ಹಾಕಿ ಬಣ್ಣ ಹೊಡೆಸಿದರೆ ವರ್ಷಗಟ್ಟಲೆ ಬರುತ್ತದೆ. ಅಲಾಯ್‌ಗೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಆದರೆ ಮೇಲಿನ ಲ್ಯಾಕರ್ ಗೀರಿದರೆ ಅದರಡಿ ಬಿಳಿ ಪುಡಿ ಹರಡುತ್ತದೆ. ಟೈರು ಕೂರುವ ಜಾಗದಲ್ಲಿ ಆ ಪುಡಿ ಕಟ್ಟಿದರೂ ಗಾಳಿ ಲೀಕಾಗುತ್ತದೆ. ಗಾಡಿ ತೊಳೆಯುವಲ್ಲಿ ಆಸಿಡ್ ಕ್ಲೀನರ್ ಬಳಸಲು ಬಿಡಬೇಡಿ.

ಗುಂಡಿ ರಸ್ತೆಯೇ ದಿನನಿತ್ಯದ ಪಾಡಾಗಿದ್ದರೆ ಸ್ಟೀಲ್ ಚಕ್ರವೇ ಸಾಕು ಎನ್ನುತ್ತೇನೆ. ಕಾರಿನ ಜೊತೆಗೇ ಅಲಾಯ್ ಬಂದಿದ್ದರೆ ತೆಗೆಸಬೇಕಿಲ್ಲ, ಸೈಜನ್ನು ಮಾತ್ರ ಏರಿಸಬೇಡಿ. ಹೊರಗೆ ಕೊಳ್ಳುವುದಾದರೆ ಐಎಸ್‌ಐ ಗುರುತು ನೋಡಿ, ಚಕ್ರ ಹೊರಬಲ್ಲ ಭಾರ ನಿಮ್ಮ ಕಾರಿಗೆ ತಕ್ಕುದೇ ಎಂದು ಕೇಳಿ ತಿಳಿಯಿರಿ. ಮುಂದಿನ ಸಲ ಅಲೈನ್‌ಮೆಂಟಿಗೆ ಹೋದಾಗ ನಾಲ್ಕೂ ಚಕ್ರ ಬಿಚ್ಚಿಸಿ, ಒಳಬದಿಯ ಅಂಚನ್ನು ನೀವೇ ಒಮ್ಮೆ ಬೆರಳಾಡಿಸಿ ನೋಡಿ.