ನೂರು ರೂಪಾಯಿ ಬೇಡವೆಂದದ್ದೇಕೆ?

ಪ್ರಶ್ನೆ: ಏನೂ ಇಲ್ಲದ್ದಕ್ಕಿಂತ ಸ್ವಲ್ಪ ಸಿಕ್ಕರೆ ಲಾಭವೇ. ಆದರೂ ಜನ ಕಡಿಮೆ ಪಾಲನ್ನು ಒದ್ದು ಹೋಗುವುದೇಕೆ?
– ಓದುಗರು, ಹುಕ್ಕೇರಿ

ಉತ್ತರ: ಗೋಕಾಕದ ಇಬ್ಬರು ಅಪರಿಚಿತರ ಮುಂದೆ ನೂರರ ಹತ್ತು ನೋಟು ಇಡಿ. ಒಬ್ಬ ಪಾಲು ಹೇಳುತ್ತಾನೆ, ಒಂದೇ ಸಲ. ಇನ್ನೊಬ್ಬ ಒಪ್ಪಿದರೆ ಹಂಚಿಕೆ, ಒಲ್ಲೆ ಎಂದರೆ ಇಬ್ಬರಿಗೂ ಸೊನ್ನೆ. ಈ ಲೆಕ್ಕವನ್ನು ಕೊನೆಯಿಂದ ಬಿಡಿಸಬೇಕು. ಎರಡನೆಯವನಿಗೆ ನೂರು ಅಥವಾ ಸೊನ್ನೆ ಎಂದಾದರೆ ನೂರೇ ಮೇಲು. ಅದನ್ನರಿತ ಮೊದಲನೆಯವನು ಒಂಬೈನೂರು ಇಟ್ಟುಕೊಳ್ಳುತ್ತಾನೆ.

1982ರಲ್ಲಿ ಜರ್ಮನಿಯ ವರ್ನರ್ ಗ್ಯೂತ್ ಮತ್ತು ಸಂಗಡಿಗರು ಈ ಆಟ ಆಡಿಸಿದಾಗ ಹೀಗಾಗಲಿಲ್ಲ. ಮುಂದಿನ ಪ್ರಯೋಗಗಳಲ್ಲೂ ಬಹಳಷ್ಟು ಜನ ನಾಲ್ಕೈದು ನೋಟು ಕೊಟ್ಟರು. ಎರಡಕ್ಕಿಂತ ಕಡಿಮೆ ಬಂದಾಗ ಹಲವರು ತಿರಸ್ಕರಿಸಿದರು. ಅದೇ ಸಣ್ಣ ಪಾಲನ್ನು ಚೀಟಿ ಎತ್ತಿದಂತೆ ಯಂತ್ರ ನಿರ್ಧರಿಸಿದರೆ ಹೆಚ್ಚು ಜನ ಒಪ್ಪುತ್ತಾರೆ. ನನಗೆ ಇದೇ ಮುಖ್ಯ ಸುಳಿವು: ನೋವು ಮೊತ್ತದ್ದಲ್ಲ, ಕೊಟ್ಟವನ ಉದ್ದೇಶದ್ದು.

ಹಾಗೆಂದು ಹಿಂದಿನಿಂದ ಎಣಿಸುವ ಕ್ರಮ ತಪ್ಪಲ್ಲ. ಅವಮಾನವನ್ನೂ ಲೆಕ್ಕಕ್ಕೆ ಹಿಡಿದು, ಮುನ್ನೂರಕ್ಕಿಂತ ಕಡಿಮೆಗೆ ಎರಡನೆಯವನು ಒಪ್ಪನೆಂದಿಟ್ಟುಕೊಳ್ಳಿ. ಆಗ ಮೊದಲನೆಯವನ ಜಾಣ ಉತ್ತರವೂ ಮುನ್ನೂರೇ.

2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ಕುಳಿತದ್ದು ನೆನಪಿರಬೇಕು. ಕಬ್ಬು ಹೊಲದಲ್ಲೇ ನಿಂತರೆ ರೈತನಿಗೂ ನಷ್ಟ, ಗಾಣ ನಿಂತರೆ ಕಾರ್ಖಾನೆಗೂ ನಷ್ಟ. ಆದರೆ ಅದು ಒಂದೇ ಮಾತಿನ ಆಟವಾಗಿರಲಿಲ್ಲ. ಅಲ್ಲಿ ‘ಒಲ್ಲೆ’ ಎಂದ ಮೇಲೂ ಮಾತುಕತೆ ನಡೆಯಿತು, ಕೊನೆಗೆ ಸರ್ಕಾರ 3,300 ಘೋಷಿಸಿತು.