ಬೇರೆಯವರ ಮೇಲ್ ನಮ್ಮ ಇನ್‌ಬಾಕ್ಸ್‌ಗೆ ಬಂದರೆ

2009ರ ಆಗಸ್ಟ್ ತಿಂಗಳು. ಅಮೆರಿಕದ ವ್ಯೋಮಿಂಗ್ ರಾಜ್ಯದ ರಾಕಿ ಮೌಂಟನ್ ಬ್ಯಾಂಕಿನ ಗ್ರಾಹಕರೊಬ್ಬರು ತಮ್ಮ ಸಾಲದ ವಿವರಗಳನ್ನು ತಮ್ಮ ಪ್ರತಿನಿಧಿಗೆ ಇಮೇಲ್ ಮಾಡಿ ಎಂದು ಕೇಳಿಕೊಂಡಿದ್ದರು. ಬ್ಯಾಂಕಿನ ಸಿಬ್ಬಂದಿ ಕಳಿಸಿದರು. ಆದರೆ ಎರಡು ತಪ್ಪಾಗಿದ್ದವು. ಮೇಲ್ ಹೋದದ್ದು ಬೇರೆ ಯಾರದೋ ಜಿಮೇಲ್ ಖಾತೆಗೆ. ಅದರ ಜೊತೆಗೆ, ಕಳಿಸಲೇಬಾರದಿದ್ದ ಕಡತವೊಂದೂ ಹೋಗಿತ್ತು. ಅದರಲ್ಲಿ 1,325 ಗ್ರಾಹಕರ ಹೆಸರು, ವಿಳಾಸ, ತೆರಿಗೆ ಗುರುತಿನ ಸಂಖ್ಯೆ ಮತ್ತು ಸಾಲದ ಮಾಹಿತಿ ಇತ್ತು.

ಬ್ಯಾಂಕ್ ಮೊದಲು ಮೇಲ್ ಹಿಂತೆಗೆದುಕೊಳ್ಳಲು ನೋಡಿತು. ಆಗಲಿಲ್ಲ. ಅದೇ ವಿಳಾಸಕ್ಕೆ ಇನ್ನೊಂದು ಮೇಲ್ ಹಾಕಿ, ಹಿಂದಿನದನ್ನು ತೆರೆಯದೆ ಅಳಿಸಿಬಿಡಿ, ನಮ್ಮನ್ನು ಸಂಪರ್ಕಿಸಿ ಎಂದು ವಿನಂತಿಸಿತು. ಆ ಕಡೆಯಿಂದ ಉತ್ತರವಿಲ್ಲ. ಖಾತೆ ಯಾರದು ಎಂದು ಗೂಗಲ್ ಅನ್ನು ಕೇಳಿದರೆ, ನ್ಯಾಯಾಲಯದ ಆದೇಶವಿಲ್ಲದೆ ಹೇಳುವುದಿಲ್ಲ ಎಂಬ ಉತ್ತರ ಬಂತು. ಬ್ಯಾಂಕ್ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯಕ್ಕೆ ಹೋಯಿತು. ಸೆಪ್ಟೆಂಬರ್ 23ರಂದು ನ್ಯಾಯಾಧೀಶ ಜೇಮ್ಸ್ ವೇರ್ ಆ ಜಿಮೇಲ್ ಖಾತೆಯನ್ನೇ ನಿಷ್ಕ್ರಿಯಗೊಳಿಸುವಂತೆ ಆದೇಶ ಕೊಟ್ಟರು. ಆಮೇಲೆ ಪರಿಶೀಲಿಸಿದಾಗ ಆ ಮೇಲ್ ಅನ್ನು ಯಾರೂ ತೆರೆದೇ ಇರಲಿಲ್ಲ ಎಂದು ತಿಳಿಯಿತು. ಅದನ್ನು ಅಳಿಸಿ, ಖಾತೆಯನ್ನು ಮತ್ತೆ ಚಾಲೂ ಮಾಡಲಾಯಿತು.

ಖಾತೆದಾರರು ಏನೂ ತಪ್ಪು ಮಾಡಿರಲಿಲ್ಲ. ಅವರ ಖಾತೆ ಮುಚ್ಚಿಸಿದ್ದು ಸರಿಯಲ್ಲ ಎಂದು ಆಗ ಸಾಕಷ್ಟು ಟೀಕೆ ಬಂತು, ಆ ಟೀಕೆ ನ್ಯಾಯವಾದದ್ದೇ. ಆದರೂ ಬ್ಯಾಂಕಿನ ಗಾಬರಿಯ ಮೂಲ ಎಲ್ಲಿತ್ತು ಎಂಬುದನ್ನು ಗಮನಿಸಬೇಕು. ಆ ಕಡೆ ಏನಾಗಿದೆ ಎಂದು ತಿಳಿಯುವ ದಾರಿಯೇ ಅವರಿಗಿರಲಿಲ್ಲ. ಮೇಲ್ ತೆರೆದರೇ, ಬೇರೆ ಯಾರಿಗಾದರೂ ದಾಟಿಸಿದರೇ, ಪ್ರತಿ ಈಗ ಎಲ್ಲಿದೆ? ಮೇಲ್ ತಪ್ಪಿ ಕಳಿಸಿದ ಯಾರಿಗೇ ಆಗಲಿ, ಬೇಕಾಗಿರುವುದು ಈ ಮೂರು ಪ್ರಶ್ನೆಗಳ ಉತ್ತರ. ಅದನ್ನು ಕೊಡಬಲ್ಲವರು ಮೇಲ್ ಪಡೆದವರು ಮಾತ್ರ.

ಇಂಥ ಮೇಲ್ ಬರುವುದು ಅಪರೂಪವೇನಲ್ಲ. ಒಂದೇ ಹೆಸರು, ಒಂದೇ ಇನಿಷಿಯಲ್ ಇರುವವರು ನಮ್ಮಲ್ಲಿ ಊರಿಗೆ ಹತ್ತು ಮಂದಿ ಸಿಗುತ್ತಾರೆ. ವಿಳಾಸದ ಕೊನೆಗೆ ಸೇರಿಸಿದ ಹುಟ್ಟಿದ ವರ್ಷವನ್ನು ಕೌಂಟರಿನವರು ಬಿಟ್ಟು ಬರೆದುಕೊಂಡರೆ ಸಾಕು, ಮೇಲ್ ಇನ್ನೊಬ್ಬರದಾಗುತ್ತದೆ. ಜಿಮೇಲ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ವಿಳಾಸದಲ್ಲಿ ಹೆಸರಿನ ನಡುವೆ ಬರುವ ಚುಕ್ಕೆಯನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಚುಕ್ಕೆ ಇಟ್ಟರೂ ಬಿಟ್ಟರೂ ಇನ್‌ಬಾಕ್ಸ್ ಒಂದೇ. ನನ್ನದು ಚುಕ್ಕೆ ಇರುವ ವಿಳಾಸ, ಅವರದು ಚುಕ್ಕೆ ಇಲ್ಲದ್ದು ಎಂದು ಇಬ್ಬರು ಅಂದುಕೊಂಡಿದ್ದರೆ, ಅವರಲ್ಲೊಬ್ಬರು ತಮ್ಮ ವಿಳಾಸವನ್ನೇ ತಪ್ಪಾಗಿ ನೆನಪಿಟ್ಟುಕೊಂಡಿದ್ದಾರೆ ಎಂದೇ ಅರ್ಥ.

ಹಾಸನದ ಉಪನ್ಯಾಸಕಿಯೊಬ್ಬರಿಗೆ ಬೆಂಗಳೂರಿನ ಒಂದು ಪ್ರಯೋಗಾಲಯದಿಂದ ಮೇಲ್ ಬಂತು ಎಂದು ಊಹಿಸಿಕೊಳ್ಳಿ. ಬೆಳಿಗ್ಗೆ 10.40ರ ಹೊತ್ತು. ಸಬ್ಜೆಕ್ಟ್ ಸಾಲಿನಲ್ಲಿ ಅವರದೇ ಹೆಸರು, ಪಕ್ಕದಲ್ಲಿ ಬಯಾಪ್ಸಿ ವರದಿ ಎಂದಿದೆ. ಒಳಗೆ ನೋಡಿದರೆ ವಯಸ್ಸು 61, ಕಳಿಸಿದ ವೈದ್ಯರು ಗೊತ್ತಿಲ್ಲದವರು. ಕೆಳಗೊಂದು ಪಿಡಿಎಫ್. ತಮಗೆ ಸಂಬಂಧಿಸಿದ್ದಲ್ಲ ಎಂದು ಎರಡನೇ ಸಾಲಿಗೇ ಗೊತ್ತಾಗಿದೆ. ಓದುವುದನ್ನು ನಿಲ್ಲಿಸಬೇಕಾದದ್ದು ಅಲ್ಲಿಯೇ. ಯಾರದೆಂದು ಪತ್ತೆ ಮಾಡಲು ಪಿಡಿಎಫ್ ತೆರೆಯೋಣ ಎಂಬ ಯೋಚನೆ ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ಆದರೆ ಸರಿಯಾದ ರೋಗಿಯ ವಿಳಾಸ ಪ್ರಯೋಗಾಲಯದ ಬಳಿ ಇದ್ದೇ ಇರುತ್ತದೆ. ಹುಡುಕುವ ಕೆಲಸ ಅವರದು. ಪಿಡಿಎಫ್‌ಗೆ ಪಾಸ್‌ವರ್ಡ್ ಇದ್ದರೆ ಊಹಿಸಿ ನೋಡುವ ಮಾತಂತೂ ಬೇಡವೇ ಬೇಡ.

ಪಿಡಿಎಫ್ ತೆರೆಯದಿರಲು ಇನ್ನೊಂದು ಕಾರಣವೂ ಇದೆ. ದಾರಿ ತಪ್ಪಿ ಬಂದಂತೆ ಕಾಣುವ ಮೇಲ್ ಮೋಸಗಾರರ ಹಳೆಯ ಬಲೆ. ಬೇರೆಯವರ ಸಂಬಳದ ಪಟ್ಟಿ, ಬೇರೆಯವರ ಹಣ ಪಾವತಿಯ ರಸೀದಿ ಎಂದರೆ ಕುತೂಹಲ ಕೆರಳುತ್ತದೆ, ಜನ ಕ್ಲಿಕ್ ಮಾಡುತ್ತಾರೆ. ಇಂಥದ್ದನ್ನು ಗುರುತಿಸಲು ಕಳಿಸಿದವರ ಹೆಸರು ನೋಡಿದರೆ ಸಾಲದು, ಹೆಸರಿನ ಮೇಲೆ ಒತ್ತಿ ಪೂರ್ತಿ ವಿಳಾಸ ನೋಡಬೇಕು. ಅಟ್ ಚಿಹ್ನೆಯ ನಂತರ ಬರುವ ಭಾಗ ಆ ಸಂಸ್ಥೆಯ ವೆಬ್‌ಸೈಟಿನ ಹೆಸರಿಗೆ ಅಕ್ಷರಶಃ ಹೊಂದಬೇಕು. ಇನ್ನೊಂದು ಗುರುತು, ಮೇಲ್ ನಮ್ಮಿಂದ ಏನು ಕೇಳುತ್ತಿದೆ ಎಂಬುದು. ನಿಜವಾಗಿ ತಪ್ಪಿ ಬಂದ ಮೇಲ್‌ನಲ್ಲಿ ಬೇರೊಬ್ಬರ ವ್ಯವಹಾರ ತನ್ನ ಪಾಡಿಗೆ ನಡೆದಿರುತ್ತದೆ. ಈ ಹಣ ನೀವು ಕಟ್ಟದಿದ್ದರೆ ರದ್ದು ಮಾಡಲು ಇಲ್ಲಿ ಒತ್ತಿ, ತಕ್ಷಣ ಈ ನಂಬರಿಗೆ ಕರೆ ಮಾಡಿ ಎಂದು ನಮ್ಮನ್ನೇ ಅವಸರಪಡಿಸುವ ಮೇಲ್ ಬಹುತೇಕ ಮೋಸದ್ದು. ಅದಕ್ಕೆ ಉತ್ತರ ಕೊಡದೆ ಸ್ಪ್ಯಾಮ್ ಎಂದು ಗುರುತು ಹಾಕಿದರೆ ಮುಗಿಯಿತು.

ಉಪನ್ಯಾಸಕಿಗೆ ಬಂದ ಮೇಲ್ ವಿಳಾಸ ಸರಿಯಾಗಿದೆ. ಇನ್ನು ತಿಳಿಸುವ ಕೆಲಸ. ಕೈ ತಾನಾಗಿ ಹೋಗುವುದು ಫಾರ್ವರ್ಡ್ ಬಟನ್ ಕಡೆಗೆ. ಅದು ಬೇಡ. ಫಾರ್ವರ್ಡ್ ಮಾಡಿದರೆ ಅಟ್ಯಾಚ್‌ಮೆಂಟ್ ಸಮೇತ ಇನ್ನೊಂದು ಪ್ರತಿ ಹುಟ್ಟುತ್ತದೆ. ರಿಪ್ಲೈ ಮಾಡಿದರೆ ಸಾಮಾನ್ಯವಾಗಿ ಅಟ್ಯಾಚ್‌ಮೆಂಟ್ ಹೋಗುವುದಿಲ್ಲ, ಆದರೆ ಮೂಲ ಮೇಲ್‌ನ ಸಾಲುಗಳು ಕೆಳಗೆ ಅಂಟಿಕೊಂಡಿರುತ್ತವೆ. ಅವನ್ನು ಅಳಿಸಬೇಕು. ಸಬ್ಜೆಕ್ಟ್‌ನಲ್ಲಿರುವ ರೋಗಿಯ ಹೆಸರು, ಕಾಯಿಲೆಯ ಸುಳಿವು ಎರಡನ್ನೂ ತೆಗೆದು, ತಪ್ಪು ವಿಳಾಸಕ್ಕೆ ಬಂದ ಮೇಲ್ ಎಂದಷ್ಟೇ ಬರೆಯಬೇಕು. ರಿಪ್ಲೈ ಆಲ್ ಒತ್ತಿದರೆ ಮೂಲ ಮೇಲ್ ಪಡೆದ ಎಲ್ಲರಿಗೂ ವಿಷಯ ಹೋಗುತ್ತದೆ, ಹಾಗಾಗಿ ಉತ್ತರ ಕಳಿಸಿದವರೊಬ್ಬರಿಗೇ ಸಾಕು. ಒಕ್ಕಣೆ ಹೀಗಿರಬಹುದು:

ನಮಸ್ಕಾರ. ಇಂದು ಬೆಳಿಗ್ಗೆ 10.40ಕ್ಕೆ ನಿಮ್ಮಿಂದ ನನಗೊಂದು ಮೇಲ್ ಬಂದಿದೆ. ಅದು ಬೇರೊಬ್ಬರಿಗೆ ಸೇರಿದ್ದು. ಮೊದಲ ಎರಡು ಸಾಲು ಓದಿದಾಗ ಇದು ಗೊತ್ತಾಯಿತು. ಅಟ್ಯಾಚ್‌ಮೆಂಟ್ ತೆರೆದಿಲ್ಲ, ಯಾರಿಗೂ ಕಳಿಸಿಲ್ಲ. ದಯವಿಟ್ಟು ಸರಿಯಾದ ವಿಳಾಸಕ್ಕೆ ಕಳಿಸಿ, ನಿಮ್ಮ ದಾಖಲೆಯಿಂದ ನನ್ನ ವಿಳಾಸ ತೆಗೆಯಿರಿ. ಈ ಮೇಲ್ ಅಳಿಸಬಹುದೇ ತಿಳಿಸಿ.

ಕಳಿಸಿದವರ ಮೂರು ಪ್ರಶ್ನೆಗಳಿಗೂ ಇದರಲ್ಲಿ ಉತ್ತರವಿದೆ. ಅಟ್ಯಾಚ್‌ಮೆಂಟ್ ತೆರೆದಿದ್ದರೆ ತೆರೆದೆ ಎಂದೇ ಬರೆಯಬೇಕು. ಮೊಬೈಲ್‌ನಲ್ಲಿ ಬೆರಳು ತಾಗಿ ತೆರೆದುಕೊಳ್ಳುವುದು ಸಹಜ, ಅದರಲ್ಲಿ ಅಪರಾಧವೇನಿಲ್ಲ. ಆದರೆ ತೆರೆದಿಲ್ಲವೆಂದು ಸುಳ್ಳು ಹೇಳಿದರೆ ಸಂಸ್ಥೆ ತಪ್ಪು ಲೆಕ್ಕ ಹಾಕುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆಕಸ್ಮಿಕವಾಗಿ ಮಾಹಿತಿ ಹೊರಹೋದದ್ದನ್ನೂ ದತ್ತಾಂಶ ಉಲ್ಲಂಘನೆ ಎಂದೇ ಪರಿಗಣಿಸುತ್ತದೆ. ಅಂಥ ಸಂದರ್ಭದಲ್ಲಿ ಮಾಹಿತಿ ಯಾರದೋ ಅವರಿಗೂ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಿಳಿಸುವ ಹೊಣೆಯನ್ನು ಸಂಸ್ಥೆಯ ಮೇಲೆ ಹಾಕುತ್ತದೆ. ಏನು ಹೋಯಿತು, ಎಷ್ಟು ದೂರ ಹೋಯಿತು ಎಂದು ಹೇಳಲು ಅವರು ನೆಚ್ಚಿಕೊಳ್ಳಬೇಕಾದದ್ದು ನಮ್ಮ ಉತ್ತರವನ್ನೇ. ಮೊದಲೇ ಅಳಿಸದೆ ಒಮ್ಮೆ ಕೇಳಬೇಕು ಎನ್ನುವುದೂ ಇದಕ್ಕಾಗಿಯೇ.

ಬಯಾಪ್ಸಿ ವರದಿಯಂಥದ್ದಕ್ಕೆ ಮೇಲ್ ಒಂದೇ ಸಾಲದು. ಅತ್ತ ರೋಗಿ ಕಾಯುತ್ತಿರುತ್ತಾರೆ, ವೈದ್ಯರ ಮುಂದಿನ ಹೆಜ್ಜೆ ಅದರ ಮೇಲೆ ನಿಂತಿರುತ್ತದೆ. ಪ್ರಯೋಗಾಲಯದ ವೆಬ್‌ಸೈಟಿನಿಂದಲೇ ನಂಬರ್ ತೆಗೆದು ಫೋನ್ ಮಾಡಿ, ವರದಿಯ ಸಂಖ್ಯೆ ಮತ್ತು ಮೇಲ್ ಬಂದ ಸಮಯ ಹೇಳಿದರೆ ಅವರಿಗೆ ಹುಡುಕಲು ಸಾಕು. ರೋಗಿ ಯಾರೆಂದು ಗೊತ್ತಿದ್ದರೂ, ನೆಂಟರೇ ಆಗಿದ್ದರೂ, ನೇರವಾಗಿ ಅವರಿಗೆ ದಾಟಿಸುವುದು ತರವಲ್ಲ. ಹೆಸರಿನ ಗೊಂದಲದಿಂದಲೇ ಶುರುವಾದ ತಪ್ಪು ಇದು, ನಮ್ಮ ಊಹೆಯೂ ತಪ್ಪಿರಬಹುದು. ಅದಕ್ಕಿಂತ ಹೆಚ್ಚಾಗಿ, ಅಂಥ ಸುದ್ದಿಯನ್ನು ವೈದ್ಯರ ಬಾಯಿಂದ ಕೇಳುವ ಹಕ್ಕು ಅವರಿಗಿದೆ.

ಕೊನೆಯದು ಅಳಿಸುವ ಕೆಲಸ. ಡಿಲೀಟ್ ಒತ್ತಿದ ಮಾತ್ರಕ್ಕೆ ಮೇಲ್ ಹೋಗುವುದಿಲ್ಲ. ಜಿಮೇಲ್‌ನಲ್ಲಿ ಅದು ಟ್ರ್ಯಾಶ್‌ಗೆ ಹೋಗಿ 30 ದಿನ ಅಲ್ಲೇ ಇರುತ್ತದೆ. ಅಲ್ಲಿಂದಲೂ ತೆಗೆಯಬೇಕು. ಮೊಬೈಲ್‌ನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಪಿಡಿಎಫ್ ಉಳಿದಿದೆಯೇ ನೋಡಬೇಕು. ಕಚೇರಿಯ ಖಾತೆಗೆ ಬಂದಿದ್ದರೆ ನಮ್ಮ ಕಚೇರಿಯ ಐಟಿ ವಿಭಾಗಕ್ಕೂ ತಿಳಿಸುವುದು ಒಳ್ಳೆಯದು, ಏಕೆಂದರೆ ಅಲ್ಲಿನ ಬ್ಯಾಕಪ್‌ನಲ್ಲಿ ಉಳಿಯುವ ಪ್ರತಿ ನಮ್ಮ ಕೈಗೆ ಸಿಗುವುದಿಲ್ಲ.

ತಿಳಿಸಿದರೂ ಆ ಕಡೆಯವರು ಕೇಳಿಸಿಕೊಳ್ಳದೆ ಹೋಗುವುದುಂಟು. ಅಮೆರಿಕದ ಸೇನೆಯ ಇಮೇಲ್ ವಿಳಾಸಗಳು .mil ಎಂದು ಮುಗಿಯುತ್ತವೆ. ಆಫ್ರಿಕಾದ ಮಾಲಿ ದೇಶದ್ದು .ml. ಒಂದು ಅಕ್ಷರ ಬಿಟ್ಟುಹೋದ ಮೇಲ್‌ಗಳು ವರ್ಷಗಟ್ಟಲೆ ಮಾಲಿಯ ಕಡೆಗೆ ಹೋಗುತ್ತಿದ್ದವು. ಮಾಲಿಯ ಡೊಮೇನ್ ನೋಡಿಕೊಳ್ಳುತ್ತಿದ್ದ ಡಚ್ ಉದ್ಯಮಿ ಯೋಹಾನೆಸ್ ಜೂರ್‌ಬಿಯರ್ ಅಮೆರಿಕದ ಅಧಿಕಾರಿಗಳಿಗೆ ಮತ್ತೆ ಮತ್ತೆ ತಿಳಿಸಿದ್ದರು. 2023ರಲ್ಲಿ ಜನವರಿಯಿಂದ ಜುಲೈವರೆಗೆ ಅವರು ಸಂಗ್ರಹಿಸಿದ ಮೇಲ್‌ಗಳೇ ಸುಮಾರು 1,17,000. ಅವುಗಳಲ್ಲಿ ವೈದ್ಯಕೀಯ ದಾಖಲೆಗಳಿದ್ದವು, ಸೇನಾ ಮುಖ್ಯಸ್ಥರೊಬ್ಬರ ಇಂಡೊನೇಷ್ಯಾ ಪ್ರವಾಸದ ಹೋಟೆಲ್ ಕೋಣೆಗಳ ಸಂಖ್ಯೆಯೂ ಇತ್ತು. ಆ ಜುಲೈನಲ್ಲಿ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ವರದಿ ಮಾಡಿದ ಮೇಲೆ ವಿಷಯ ಎಲ್ಲರ ಗಮನಕ್ಕೆ ಬಂತು.

ಸಾಮಾನ್ಯರಿಗೆ ಇಂಥ ಗೋಡೆ ಎದುರಾಗುವುದು ನೋ-ರಿಪ್ಲೈ ವಿಳಾಸಗಳಲ್ಲಿ. ಯಾರೋ ತಮ್ಮ ಬ್ಯಾಂಕ್ ಖಾತೆಗೋ ವಿಮೆಗೋ ನಮ್ಮ ವಿಳಾಸ ಕೊಟ್ಟುಬಿಟ್ಟಿರುತ್ತಾರೆ, ತಿಂಗಳು ತಿಂಗಳೂ ಅವರ ವಿವರ ನಮಗೆ ಬರುತ್ತದೆ. ಉತ್ತರ ಬರೆದರೆ ಓದುವವರಿಲ್ಲ. ಆಗ ಕೆಲವರು ಪಾಸ್‌ವರ್ಡ್ ಮರೆತಿದೆ ಎಂಬ ಆಯ್ಕೆ ಬಳಸಿ, ಆ ಖಾತೆಯೊಳಗೆ ಹೋಗಿ ವಿಳಾಸವನ್ನು ತಾವೇ ಸರಿಪಡಿಸಲು ನೋಡುತ್ತಾರೆ. ಉದ್ದೇಶ ಒಳ್ಳೆಯದೇ ಇದ್ದರೂ ಅದು ಅನುಮತಿಯಿಲ್ಲದೆ ಬೇರೆಯವರ ಖಾತೆ ಪ್ರವೇಶಿಸಿದಂತೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಅಡಿ ತೊಂದರೆಗೆ ಸಿಕ್ಕಬಹುದು. ಓಟಿಪಿ ಬಂದರೆ ಅದನ್ನು ಕೇಳಿದ ಯಾರಿಗೂ ಕೊಡಬಾರದು. ಸಂಸ್ಥೆಯ ವೆಬ್‌ಸೈಟಿನಲ್ಲಿ ದೂರು ಸ್ವೀಕರಿಸುವ ಅಧಿಕಾರಿಯ ವಿಳಾಸ ಹುಡುಕಿ, ಮೇಲಿನ ಒಕ್ಕಣೆಯನ್ನೇ ಅಲ್ಲಿಗೆ ಕಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಮುಂದಿನ ತಿಂಗಳೂ ಮೇಲ್ ಬಂದರೆ ಆ ಸಂಖ್ಯೆ ಉಲ್ಲೇಖಿಸಿ ಇನ್ನೊಮ್ಮೆ ಬರೆಯಬಹುದು. ಅಷ್ಟಾದ ಮೇಲೂ ನಿಲ್ಲದಿದ್ದರೆ, ಕಳಿಸಿದ ದೂರಿನ ಪ್ರತಿಯನ್ನು ಉಳಿಸಿಕೊಂಡು, ಆ ವಿಳಾಸದಿಂದ ಬರುವುದೆಲ್ಲ ತೆರೆಯದೆಯೇ ಟ್ರ್ಯಾಶ್‌ಗೆ ಹೋಗುವಂತೆ ಜಿಮೇಲ್‌ನಲ್ಲಿ ಫಿಲ್ಟರ್ ಹಾಕಿಬಿಡಬಹುದು.